ಹಾಡಿಯಲ್ಲಿ ಸಿಕ್ಕಿದ ತಲೆಬುರುಡೆ: ಚಿರತೆ ಮರಿಯದ್ದೇ? (ಮೂರು ಚಿತ್ರಗಳಿವೆ)

ಹಾಡಿಮನೆ | ಭಾನುವಾರ, ಬೆಳಿಗ್ಗೆ 8.10

ನಮ್ಮ ಮನೆ ಪೆರ್ಡೂರಿನ ಕಡೆ. ನಿನ್ನೆ ಅಮ್ಮನೂ ನಾನೂ ಹಟ್ಟಿಗೆ ತರಗೆಲೆ ತರಲು ಹಿಂದಿನ ಹಾಡಿಗೆ ಹೋಗಿದ್ದೆವು. ಎಲೆ ಗುಡಿಸುವಾಗ ಹಿಡಿಸೂಡಿಗೆ ಏನೋ ತಾಗಿ ಉರುಳಿತು. ತೆಂಗಿನ ಗೆರಟೆ ಎಂದುಕೊಂಡೆ. ನೋಡಿದರೆ ಬುರುಡೆ. ಮಾಂಸ, ಕೂದಲು ಯಾವುದೂ ಇಲ್ಲ, ಒಂದು ಬದಿಗೆ ಪಾಚಿ ಹಿಡಿದು ಹಸಿರಾಗಿದೆ. ಕೆಳದವಡೆ ಇಲ್ಲ. ಮೇಲಿನ ಎರಡು ಕೋರೆಹಲ್ಲು ನನ್ನ ಕಿರುಬೆರಳಿನ ತುದಿಗೆಣ್ಣಿನಷ್ಟು ಉದ್ದ, ತುದಿ ಚೂಪು. ಮುಂದಿನ ಬಾಚಿಹಲ್ಲು ಎರಡು ಉದುರಿ ಕುಳಿ ಮಾತ್ರ ಉಳಿದಿದೆ. ಕಣ್ಣಿನ ಗೂಡುಗಳು ನೇರ ನನ್ನನ್ನೇ ನೋಡುತ್ತಿದ್ದವು. ಹುಬ್ಬಿನ ಏಣಿನ ಮೇಲೆ ಕತ್ತಿಯಿಂದ ಗೀರಿದಂತಹ ಗುರುತುಗಳೂ ಇವೆ.

ಹೋದ ತಿಂಗಳು ಪಕ್ಕದ ಮನೆಯ ನಾಯಿಯನ್ನು ಚಿರತೆ ಒಯ್ದಿತ್ತು. ಅದರದ್ದೇ ಮರಿ ಸತ್ತಿರಬೇಕು ಎಂದು ಅವರು ಹೇಳುತ್ತಾರೆ. ಗೀರು ನೋಡಿ, ಯಾರೋ ಕೊಂದದ್ದು ಎಂದೂ ಸೇರಿಸಿದ್ದಾರೆ. ಬುರುಡೆಯನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ತಿಳಿದವರು ಹೇಳಿ.

ದೀಪಸ್ತಂಭ ಕಾಪು | 8.32

ಸಂಶಯವೇ ಬೇಡ, ಚಿರತೆ ಮರಿ. ಸೂತ್ರ ಸರಳ: ಕಣ್ಣು ಮುಂದಕ್ಕಿದ್ದರೆ ಬೇಟೆಯಾಡುವ ಪ್ರಾಣಿ, ಪಕ್ಕಕ್ಕಿದ್ದರೆ ಬೇಟೆಯಾಗುವ ಪ್ರಾಣಿ. ದನ, ಮೊಲ, ಜಿಂಕೆ ಎಲ್ಲವಕ್ಕೂ ಕಣ್ಣು ಪಕ್ಕಕ್ಕೆ. ಹುಲಿ, ಬೆಕ್ಕು, ಗೂಬೆಗೆ ಮುಂದಕ್ಕೆ. ಅದರ ಮೇಲೆ ಇಂತಹ ಕೋರೆಹಲ್ಲು ಬೇರೆ. ಎರಡೂ ಕೂಡಿದರೆ ಮಾಂಸಾಹಾರಿಯಲ್ಲದೆ ಮತ್ತೇನು?

ಶಾಂತಕ್ಕ | 8.51

ತಮ್ಮಾ, ಮೊನ್ನೆ ಅಮಾವಾಸ್ಯೆ ಕಳೆದಷ್ಟೇ. ಹಾಡಿಯಲ್ಲಿ ಬುರುಡೆ ಇಟ್ಟು ಹೋಗುವವರು ಇದ್ದಾರೆ. ಸುತ್ತ ಕುಂಕುಮ, ನಿಂಬೆಹಣ್ಣು ಏನಾದರೂ ಇತ್ತೇ ನೋಡಿದಿರಾ? ಮುಟ್ಟಿದ್ದರೆ ಮೊದಲು ಸ್ನಾನ ಮಾಡಿ.

ಹಾಡಿಮನೆ | 8.58

ಇಲ್ಲ ಅಕ್ಕ, ನಿಂಬೆಹಣ್ಣು ಇರಲಿಲ್ಲ. ಇದ್ದದ್ದು ಹೊಳೆಗೇರು ಮರ. ಅದರ ಸೊನೆ ತಾಗಿ ಅಮ್ಮನ ಕೈ ತುರಿಸುತ್ತಿದೆ, ಅದು ಬೇರೆ ಕಥೆ. ಸ್ನಾನ ಆಗಿದೆ.

ಕಡಬದ ರಬ್ಬರ್ | 9.20

ನನಗೂ ಒಂದು ಸಿಕ್ಕಿತ್ತು, ಎರಡು ವರ್ಷದ ಹಿಂದೆ ತೋಟದಲ್ಲಿ. ಮುಂದೆ ಮೇಲೆ ಎರಡು, ಕೆಳಗೆ ಎರಡು ಉಳಿಯಂತಹ ಹಲ್ಲು, ಹಣ್ಣಡಕೆಯ ಕೇಸರಿ ಬಣ್ಣ. ಆಮೇಲೆ ದೊಡ್ಡ ಖಾಲಿ ಜಾಗ, ಅದರ ಹಿಂದೆ ಚಪ್ಪಟೆ ಹಲ್ಲು. ಕೋರೆಹಲ್ಲೇ ಇಲ್ಲ. ಮೂಗಿನ ಭಾಗ ಮಾತ್ರ ಬಲೂನಿನಂತೆ ಉಬ್ಬಿತ್ತು. ನಾನು ಇವತ್ತಿಗೂ ಅದು ಮೊಲ ಎಂದೇ ತಿಳಿದಿದ್ದೇನೆ. ಮೊಲದ ತಲೆ ಒಂದು ಗೇಣಿನ ಹತ್ತಿರ ಇರುತ್ತದೆಯೇ?

ಮೂಳೆ ಮೇಷ್ಟ್ರು | 9.47

ಕಡಬದವರೇ, ಮೊಲಕ್ಕೆ ಮೇಲಿನ ಬಾಚಿಹಲ್ಲಿನ ಹಿಂದೆ ಕಡ್ಡಿಯಂತಹ ಇನ್ನೊಂದು ಪುಟ್ಟ ಜೋಡಿ ಅಡಗಿರುತ್ತದೆ, ಹಲ್ಲಿನ ಬಣ್ಣವೂ ಬಿಳಿ. ನಿಮ್ಮದು ಮುಳ್ಳುಹಂದಿ. ಆ ಉಬ್ಬಿದ ಮೂಗಿಗೆ ಈ ಊರಲ್ಲಿ ಬೇರೆ ಹಕ್ಕುದಾರರಿಲ್ಲ.

ಈಗ ಪೆರ್ಡೂರಿಗೆ ಬರೋಣ. ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರದ ಪ್ರಯೋಗಾಲಯ ನೋಡಿಕೊಂಡವನು. ಬುರುಡೆಗಳನ್ನು ಒರೆಸಿ ಇಡುವುದೇ ನನ್ನ ಕೆಲಸವಾಗಿತ್ತು. ನನಗೆ ಒಂದು ಊಹೆ ಇದೆ, ಆದರೆ ಈ ಮೂರು ಚಿತ್ರಗಳಿಂದ ಹೇಳುವುದಿಲ್ಲ. ಮೊಬೈಲನ್ನು ಬುರುಡೆಯ ಮೂತಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದೀರಿ. ಆಗ ಹತ್ತಿರವಿರುವ ಕೋರೆಹಲ್ಲು ಊದಿಕೊಂಡು, ಹಿಂದಿನ ತಲೆ ಕುಗ್ಗಿ ಕಾಣುತ್ತದೆ. ಯಾವ ಪ್ರಾಣಿಯನ್ನಾದರೂ ಹಾಗೆ ತೆಗೆದರೆ ಚಿರತೆಯೇ.

ಮತ್ತೆ ಹೋಗುವುದಾದರೆ ಹೀಗೆ ಮಾಡಿ. ಕೈಗವಸು ಹಾಕಿ, ಇಲ್ಲವೇ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ. ಎರಡು ಹೆಜ್ಜೆ ಹಿಂದೆ ನಿಂತು, ಜೂಮ್ ಮಾಡಿ ತೆಗೆಯಿರಿ. ಒಂದು ಹತ್ತು ರೂಪಾಯಿಯ ನಾಣ್ಯ ಇಡಿ, ಅದರ ಅಡ್ಡಳತೆ 27 ಮಿ.ಮೀ. ನಾಣ್ಯವನ್ನು ನೆಲದ ಮೇಲೆ ಇಡಬೇಡಿ, ಬುರುಡೆಯ ನಡುಮಟ್ಟಕ್ಕೆ ಬರುವಂತೆ ಕಲ್ಲಿನ ಮೇಲೆ ಇಡಿ. ಇಲ್ಲವಾದರೆ ನಾಣ್ಯ ದೂರ, ಬುರುಡೆ ಹತ್ತಿರವಾಗಿ ಅಳತೆ ತಪ್ಪುತ್ತದೆ. ನನಗೆ ಮುಖ್ಯವಾಗಿ ಬೇಕಾದದ್ದು ಎರಡು ನೋಟ: ಮಗುಚಿ ಹಾಕಿ ಅಂಗುಳದ ಕಡೆಯಿಂದ ಹಲ್ಲಿನ ಸಾಲು, ಮತ್ತೆ ಪಕ್ಕದಿಂದ ಕಣ್ಣಿನ ಗೂಡಿನ ಹಿಂಭಾಗ. ಕಣ್ಣು ಎತ್ತ ನೋಡುತ್ತದೆ ಎನ್ನುವುದಕ್ಕಿಂತ ಅದರ ಹಿಂದೆ ಗೋಡೆ ಇದೆಯೇ ಎನ್ನುವುದು ನನಗೆ ಬೇಕು.

ದೀಪಸ್ತಂಭ ಕಾಪು | 9.55

ಗೋಡೆ ಎಂದರೆ? ಬುರುಡೆಗೆ ಗೋಡೆ ಎಲ್ಲಿಂದ?

ಹಾಡಿಮನೆ | 11.40

ಹೋಗಿ ಬಂದೆ. ಐದು ಚಿತ್ರ ಹಾಕಿದ್ದೇನೆ. ಮೊದಲ ಚಿತ್ರದಲ್ಲಿ ಹದಿನಾರು ಸೆಂಟಿಮೀಟರ್ ಇರಬಹುದು ಎಂದುಕೊಂಡಿದ್ದೆ. ನಾಣ್ಯ ಇಟ್ಟು ನೋಡಿದರೆ ನಾಲ್ಕೂವರೆ ನಾಣ್ಯ, ಅಂದರೆ ಹನ್ನೆರಡರ ಆಸುಪಾಸು. ತಂಗಿಯ ಶಾಲೆಯ ಅಳತೆಪಟ್ಟಿ ಹಿಡಿದಾಗಲೂ ಅಷ್ಟೇ ಬಂತು.

ಮಗುಚಿದಾಗ ಕಂಡದ್ದು: ಕೋರೆಹಲ್ಲಿನ ಹಿಂದೆ ಪ್ರತಿ ಬದಿಗೆ ಐದು ಹಲ್ಲು. ಮುಂದಿನ ಎರಡು ಚಿಕ್ಕವು, ಹಿಂದಿನ ಮೂರು ದೊಡ್ಡವು, ಮೂಲೆ ಸವೆದ ಚೌಕದಂತೆ. ಚೂಪು ಇಲ್ಲವೇ ಇಲ್ಲ, ಸವೆದು ಚಪ್ಪಟೆಯಾಗಿ ನಡುವೆ ಕಂದು ಚುಕ್ಕೆಗಳಿವೆ. ಬಾಚಿಹಲ್ಲಿಗೂ ಕೋರೆಗೂ ನಡುವೆ ಒಂದು ಸಣ್ಣ ಸಂದು ಬಿಟ್ಟಿದೆ. ಕಣ್ಣಿನ ಗೂಡಿಗೆ ಪಕ್ಕದಿಂದ ಕಡ್ಡಿ ಹಾಕಿ ನೋಡಿದೆ, ಹೋಗಲಿಲ್ಲ, ಒಳಗೆ ಮೂಳೆ ತಡೆಯಿತು. ಬಟ್ಟಲಿನಂತೆ ಮುಚ್ಚಿದೆ. ಇದೇ ಗೋಡೆಯೇ ಮೇಷ್ಟ್ರೇ?

ಮೂಳೆ ಮೇಷ್ಟ್ರು | 12.15

ಅದೇ ಗೋಡೆ. ಚಿರತೆಯನ್ನು ಇಲ್ಲಿಗೆ ಬಿಟ್ಟುಬಿಡಿ.

ಮನೆಯ ಬೆಕ್ಕಿನ ಹಣೆಯ ಪಕ್ಕ ಬೆರಳಿಟ್ಟು ಅದು ಜಗಿಯುವುದನ್ನು ಗಮನಿಸಿ, ಸ್ನಾಯು ಕುಣಿಯುವುದು ಗೊತ್ತಾಗುತ್ತದೆ. ಬೆಕ್ಕು, ಚಿರತೆ, ನಾಯಿ, ನರಿ, ಪುನುಗು ಇವುಗಳಲ್ಲಿ ಕಣ್ಣಿನ ಗೂಡು ಹಿಂದಕ್ಕೆ ತೆರೆದುಕೊಂಡು ನೇರ ಆ ಸ್ನಾಯುವಿನ ಹಳ್ಳಕ್ಕೆ ಸೇರುತ್ತದೆ. ಹಣೆಯಿಂದ ಒಂದು ಮೊನೆ ಕೆಳಗೆ, ಕೆನ್ನೆಯಿಂದ ಒಂದು ಮೊನೆ ಮೇಲೆ ಬರುತ್ತವೆ. ಬೆಕ್ಕಿನಲ್ಲಿ ಅವೆರಡೂ ತಾಗಿಯೇ ಬಿಡುತ್ತವೇನೋ ಎನ್ನುವಷ್ಟು ಹತ್ತಿರ, ನಾಯಿಯಲ್ಲಿ ದೂರ. ನೀವು ಹಾಕಿದ ಕಡ್ಡಿ ಚಿರತೆಯಲ್ಲಾಗಿದ್ದರೆ ಸಲೀಸಾಗಿ ಆಚೆ ಬರುತ್ತಿತ್ತು. ದನ, ಜಿಂಕೆಗಳಲ್ಲಿ ಆ ಮೊನೆಗಳು ಕೂಡಿ ಬಳೆಯಾಗುತ್ತವೆ, ಆದರೆ ಬಳೆ ಮಾತ್ರ, ಹಿಂದೆ ಖಾಲಿ. ಬಳೆಯೂ ಇದ್ದು ಹಿಂದೆ ಗೋಡೆಯೂ ಇದ್ದರೆ ನಮ್ಮ ಹಾಡಿಯ ಮಟ್ಟಿಗೆ ಉತ್ತರ ಒಂದೇ ಕುಲ: ಕೋತಿ.

ಕಾಪುವಿನವರ ಸೂತ್ರ ಅರ್ಧ ಸರಿ. ಕಣ್ಣು ಮುಂದಕ್ಕಿದ್ದರೆ ಎರಡೂ ಕಣ್ಣಿನ ನೋಟ ಒಂದರ ಮೇಲೊಂದು ಬಿದ್ದು ದೂರ ಅಳೆಯಲು ಬರುತ್ತದೆ. ಆ ದೂರ ಮೊಲಕ್ಕೆ ನೆಗೆಯಲಿಕ್ಕೂ ಆಗಬಹುದು, ಹಲಸಿನ ಮರದಿಂದ ಮಾವಿನ ಮರಕ್ಕೆ ನೆಗೆಯಲಿಕ್ಕೂ ಆಗಬಹುದು. ಕಣ್ಣಿನ ದಿಕ್ಕು ಊಟದ ವಿಷಯ ಹೇಳುವುದಿಲ್ಲ.

ಊಟದ ವಿಷಯ ಹೇಳುವುದು ಹಿಂದಿನ ಹಲ್ಲು. ಬೆಕ್ಕಿನ ಜಾತಿಯಲ್ಲಿ ಮೇಲಿನ ಕೋರೆಯ ಹಿಂದೆ ಹೆಚ್ಚೆಂದರೆ ನಾಲ್ಕು ಹಲ್ಲು. ಅದರಲ್ಲಿ ಒಂದು ಉದ್ದನೆಯ, ಮೂರು ಶಿಖರದ ಅಲಗು, ಕತ್ತರಿಯಂತೆ ಕೆಲಸ ಮಾಡುತ್ತದೆ. ಕೊನೆಯದು ಇದ್ದೂ ಇಲ್ಲದಂತಹ ಚೂರು. ನಿಮ್ಮದರಲ್ಲಿ ಅಲಗೇ ಇಲ್ಲ, ಅರೆಯುವ ಕಲ್ಲು ಮಾತ್ರ ಇದೆ. ಅಳತೆಯೂ ಅದನ್ನೇ ಹೇಳುತ್ತದೆ. ಹನ್ನೆರಡು ಸೆಂಟಿಮೀಟರಿನ ಚಿರತೆಯಾದರೆ ಅದು ಮರಿ, ಮರಿಗೆ ಹಾಲುಹಲ್ಲು. ಇಲ್ಲಿ ಹಲ್ಲು ಸವೆದು ಒಳಪದರ ಕಂದಾಗಿ ಕಾಣುತ್ತಿದೆ. ಇದು ಮರಿಯಲ್ಲ, ಅಜ್ಜ. ಅಜ್ಜಿಯಲ್ಲ ಎನ್ನಲು ಕಾರಣ ಆ ಕೋರೆ. ಹೆಣ್ಣು ಮಂಗಕ್ಕೆ ಅಷ್ಟುದ್ದ ಬರುವುದಿಲ್ಲ. ನೀವು ಕಂಡ ಸಂದು, ಬಾಯಿ ಮುಚ್ಚಿದಾಗ ಕೆಳಗಿನ ಕೋರೆ ಬಂದು ಕೂರುವ ಜಾಗ.

ಇನ್ನು ಕತ್ತಿಯ ಗೀರು. ನಾಲ್ಕನೇ ಚಿತ್ರವನ್ನು ದೊಡ್ಡದು ಮಾಡಿ ನೋಡಿ. ಗೀರುಗಳು ಜೋಡಿಜೋಡಿಯಾಗಿ ಒಂದರ ಪಕ್ಕ ಒಂದು, ತಳ ಚಪ್ಪಟೆ, ಏಣಿನ ಅಂಚಿನಲ್ಲಿ ಮಾತ್ರ. ಕತ್ತಿಯದ್ದಾದರೆ ತಳ ಚೂಪಾಗಿ ಆಳಕ್ಕೆ ಇಳಿಯುತ್ತಿತ್ತು. ಇದು ಮೂಳೆ ಒಣಗಿದ ಮೇಲೆ ಯಾವುದೋ ದಂಶಕ ಕೆರೆದದ್ದು. ಗೀರಿನ ಅಗಲ ನೋಡಿದರೆ ಕಡಬದವರ ಮುಳ್ಳುಹಂದಿಯ ನೆಂಟರೇ ಇರಬೇಕು. ಅವು ಸುಣ್ಣದ ಅಂಶಕ್ಕಾಗಿ ಮೂಳೆ, ಜಿಂಕೆಯ ಕೊಂಬು ಎಲ್ಲವನ್ನೂ ಕಡಿಯುತ್ತವೆ.

ಕಡಬದ ರಬ್ಬರ್ | 12.30

ಎರಡು ವರ್ಷ ಮೊಲ ಎಂದು ಊರಿಗೆಲ್ಲ ತೋರಿಸಿದ್ದೆ ಮಾರಾಯರೇ. ಒಬ್ಬರಾದರೂ ಬಾಯಿ ಬಿಡಲಿಲ್ಲ.

ದೀಪಸ್ತಂಭ ಕಾಪು | 12.44

ಮೇಷ್ಟ್ರೇ, ಒಪ್ಪಲು ಮನಸ್ಸಿಲ್ಲ. ಕೋರೆಹಲ್ಲಿನ ಮುಂಬದಿಯಲ್ಲಿ ಉದ್ದಕ್ಕೆ ಒಂದು ಗೆರೆ ಕಾಣುತ್ತದೆ. ಬೆಕ್ಕಿನ ಜಾತಿಯ ಕೋರೆಯಲ್ಲಿ ಗೆರೆ ಇರುತ್ತದೆ ಎಂದು ಓದಿದ್ದು ಚೆನ್ನಾಗಿ ನೆನಪಿದೆ.

ದನದ ಡಾಕ್ಟ್ರು | 13.20

ಓದಿದ್ದು ಸರಿ ಸರ್. ನಾನು ಪಶುವೈದ್ಯೆ, ಊರಿನವರು ಕರೆಯುವ ಹೆಸರನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ. ಬೆಕ್ಕಿನ ಕೋರೆಯ ಹೊರಮೈಯಲ್ಲಿ ಕೂದಲೆಳೆಯಂತಹ ಸಣ್ಣ ಗೆರೆ ಇರುತ್ತದೆ. ಗಂಡು ಮಂಗದ ಮೇಲಿನ ಕೋರೆಯಲ್ಲಿಯೂ ಗೆರೆ ಇದೆ, ಆದರೆ ಅದು ಮುಂಬದಿಯಲ್ಲಿ, ಉಗುರು ಕೂರುವಷ್ಟು ಆಳದ ಕಾಲುವೆ. ಆದ್ದರಿಂದ ಗೆರೆ ಇದೆ ಎಂಬುದರಿಂದ ತೀರ್ಮಾನ ಆಗದು, ಅದು ಎಲ್ಲಿದೆ ಎಂದು ನೋಡಬೇಕು. ಚಿತ್ರದಲ್ಲಿರುವುದು ಮುಂಬದಿಯಲ್ಲಿ ಎಂದು ನೀವೇ ಬರೆದಿದ್ದೀರಿ.

ಕೋರೆ ನೋಡಿ ಮಾಂಸಾಹಾರಿ ಎನ್ನುವುದು ನನ್ನ ಬಳಿ ಬರುವವರೂ ಮಾಡುವ ತಪ್ಪು. ಒಮ್ಮೆ ಬೆಳ್ತಂಗಡಿ ಕಡೆಯವರು ಚೀಲದಲ್ಲಿ ಒಂದು ಬುರುಡೆ ತಂದು, ನರಿ ಎಂದರು. ಬಾಗಿದ ಪುಟ್ಟ ಕೋರೆ ಎರಡಿದ್ದವು. ಆದರೆ ಮೇಲಿನ ಬಾಚಿಹಲ್ಲೇ ಇಲ್ಲ, ಉದುರಿದ ಕುಳಿ ಕೂಡ ಇಲ್ಲ, ದವಡೆಹಲ್ಲಿನ ಮೇಲೆ ಅರ್ಧಚಂದ್ರದ ಗೆರೆಗಳು. ಕೊಂಬು ಕೂರುವ ಕಂಬ ಹಣೆಯಿಂದ ಹಿಂದಕ್ಕೆ ಚಾಚಿತ್ತು. ಕಾಡುಕುರಿ, ಗಂಡು. ಸೊಪ್ಪು, ಹಣ್ಣು ತಿನ್ನುವ ಪ್ರಾಣಿ, ಕೋರೆ ಇರುವುದು ತಮ್ಮತಮ್ಮಲ್ಲಿ ಜಗಳಕ್ಕೆ. ಗಂಡು ಮಂಗದ್ದೂ ಬಹುಪಾಲು ಅದೇ ಕಥೆ.

ಸೋಮೇಶ್ವರದಿಂದ | 14.05

ಓದುತ್ತಾ ಎದೆ ಹೊಡೆದುಕೊಳ್ಳುತ್ತಿದೆ. ಕಣ್ಣು ಮುಂದಕ್ಕೆ, ಹಿಂದೆ ಗೋಡೆ, ಚಪ್ಪಟೆ ದವಡೆಹಲ್ಲು. ಇದು ಮನುಷ್ಯನಿಗೂ ಸರಿಹೊಂದುತ್ತದಲ್ಲವೇ? ಹನ್ನೆರಡು ಸೆಂಟಿಮೀಟರ್ ಎಂದರೆ ಸಣ್ಣ ಮಗು ಆಗಿರಬಾರದೇಕೆ? ಪೊಲೀಸರಿಗೆ ಹೇಳಿದ್ದೀರಾ?

ಮೂಳೆ ಮೇಷ್ಟ್ರು | 14.40

ಕೇಳಬೇಕಾದ ಪ್ರಶ್ನೆಯೇ. ಹಲ್ಲಿನ ಲೆಕ್ಕ ಇಲ್ಲಿ ಕೈಕೊಡುತ್ತದೆ. ನಮ್ಮ ಮಂಗಕ್ಕೂ ಮನುಷ್ಯನಿಗೂ ಲೆಕ್ಕ ಒಂದೇ, ಒಟ್ಟು 32, ಹಂಚಿಕೆಯೂ ಅದೇ. ಆಕಾರ ನೋಡಬೇಕು. ಮಂಗದ ದವಡೆಹಲ್ಲಿನಲ್ಲಿ ನಾಲ್ಕು ಉಬ್ಬುಗಳು, ಅಂದರೆ ಗುಬ್ಬಿಗಳು, ಎರಡೆರಡಾಗಿ ಕೂಡಿ, ಅಡ್ಡಕ್ಕೆ ಎರಡು ಏರಿ ಹಾಕಿದಂತಿರುತ್ತವೆ, ಗದ್ದೆಯ ಎರಡು ಬದುಗಳ ಹಾಗೆ. ಮನುಷ್ಯನದ್ದರಲ್ಲಿ ಗುಬ್ಬಿಗಳು ಬಿಡಿಬಿಡಿ. ಈ ಅಜ್ಜನ ಹಲ್ಲು ಸವೆದದ್ದರಿಂದ ಬದು ಅಳಿಸಿದೆ, ಎಡಬದಿಯ ಕೊನೆಯ ಹಲ್ಲಿನಲ್ಲಿ ಮಾತ್ರ ಒಂದಿಷ್ಟು ಉಳಿದಿದೆ.

ಹಲ್ಲು ಬಿಟ್ಟರೂ ಸಾಲು ಸಾಲು ಗುರುತುಗಳಿವೆ. ಮಗುವಿಗೆ ಅಷ್ಟು ಉದ್ದದ ಕೋರೆಯೂ ಇಲ್ಲ, ಹುಬ್ಬಿನ ಏಣೂ ಇಲ್ಲ. ಮಗುವಿನ ಬುರುಡೆಯಲ್ಲಿ ಮಿದುಳಿನ ಗೂಡು ದೊಡ್ಡದು, ಮುಖ ಅದರ ಕೆಳಗೆ ಅಡಗಿದಂತೆ ಚಿಕ್ಕದು. ಇಲ್ಲಿ ಮೂತಿ ಮುಂದಕ್ಕೆ ಚಾಚಿದೆ. ಬೆನ್ನುಹುರಿ ಇಳಿಯುವ ರಂಧ್ರ ಮನುಷ್ಯನಲ್ಲಿ ಬುರುಡೆಯ ತಳದ ನಡುವಿಗಿದೆ, ಐದನೇ ಚಿತ್ರದಲ್ಲಿ ಅದು ಹಿಂದಕ್ಕೆ ಸರಿದಿದೆ.

ಬಿಡಿ ಹಲ್ಲು ಮಾತ್ರ ಸಿಕ್ಕಿದ್ದರೆ ನಾನೂ ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಹಂದಿಯ ದವಡೆಹಲ್ಲು ಸವೆದರೆ ಮನುಷ್ಯನದ್ದರಂತೆಯೇ ಕಾಣುತ್ತದೆ. ಅಮೆರಿಕದ ನೆಬ್ರಾಸ್ಕಾದಲ್ಲಿ ಸಿಕ್ಕ ಒಂದೇ ಒಂದು ಹಲ್ಲನ್ನು ನೋಡಿ 1922ರಲ್ಲಿ ದೊಡ್ಡ ವಿದ್ವಾಂಸರೇ ಅದನ್ನು ಮಾನವನಂತಹ ವಾನರ ಎಂದು ಸಾರಿದರು. 1927ರ ಹೊತ್ತಿಗೆ ಮಾತು ಹಿಂತೆಗೆದುಕೊಂಡರು. ಅದು ಹಂದಿಯ ದಾಯಾದಿ ಪೆಕರಿಯ ಹಲ್ಲು. ಆದ್ದರಿಂದ ಯಾರಿಗಾದರೂ ಮನುಷ್ಯನದ್ದು ಎಂಬ ಅನುಮಾನ ಒಂದಿಷ್ಟಾದರೂ ಇದ್ದರೆ ಅಲ್ಲಾಡಿಸದೆ 112ಕ್ಕೆ ಕರೆ ಮಾಡಲಿ. ಇಲ್ಲಿ ನನಗೆ ಆ ಅನುಮಾನ ಇಲ್ಲ.

ಗಾರ್ಡ್ ಅಣ್ಣ | 15.30

ನಾನು ಹೆಬ್ರಿ ಕಡೆಯ ಕಾಡಿನಲ್ಲಿ ಕಾವಲು ಕೆಲಸ ಮಾಡಿ ನಿವೃತ್ತನಾದವನು. ಮೇಷ್ಟ್ರು ಮಂಗ, ಮಂಗ ಎನ್ನುತ್ತಿದ್ದಾರೆ. ಆ ಸುತ್ತಿನಲ್ಲಿ ಮುಸುವವೂ ಇದೆ, ತುಳುವಿನಲ್ಲಿ ನಾವು ಮುಜು ಎನ್ನುತ್ತೇವೆ. ಗಂಡು ಮುಜುವಿಗೂ ಇಂತಹ ಕೋರೆ, ಇಷ್ಟೇ ಗಾತ್ರದ ತಲೆ. ಕೆಂಪು ಮೂತಿಯ ಮಂಗ ಎಂದು ಹೇಗೆ ಹೇಳುತ್ತೀರಿ?

ಮೂಳೆ ಮೇಷ್ಟ್ರು | 16.02

ಗಾರ್ಡ್ ಅಣ್ಣನವರು ಸರಿಯಾದ ಜಾಗಕ್ಕೆ ಕೈ ಹಾಕಿದರು. ಹಲ್ಲು ಹೊಸದಿದ್ದರೆ ಸುಲಭವಾಗಿತ್ತು. ಮುಸುವ ಎಲೆ ತಿನ್ನುವುದು, ಅದರ ದವಡೆಹಲ್ಲಿನ ಗುಬ್ಬಿಗಳು ಎತ್ತರ, ಬದು ಚೂಪು. ಮಂಗ ಸಿಕ್ಕಿದ್ದೆಲ್ಲ ತಿನ್ನುತ್ತದೆ, ಅದರವು ಮೊಂಡು. ಇಲ್ಲಿ ಸವೆದುಹೋದ್ದರಿಂದ ಆ ಸಾಕ್ಷಿ ಇಲ್ಲ. ಹಾಗಾಗಿ ಮತ್ತೆ ಕಣ್ಣಿಗೇ ಹೋಗಬೇಕು. ಎರಡು ಗೂಡುಗಳ ನಡುವಿನ ಮೂಳೆ ಮುಸುವದಲ್ಲಿ ಅಗಲ, ಮಂಗದಲ್ಲಿ ಇಕ್ಕಟ್ಟು. ಎದುರಿನ ಚಿತ್ರದಲ್ಲಿ ಆ ಸೇತುವೆ ಒಂದು ಅಕ್ಕಿಕಾಳಿನ ಉದ್ದದಷ್ಟಿದೆ. ಮೂತಿಯೂ ಮುಸುವಕ್ಕೆ ಗಿಡ್ಡ, ಇಲ್ಲಿ ಚಾಚಿದೆ. ನನ್ನ ಮತ ಮಂಗಕ್ಕೆ.

ಗಾರ್ಡ್ ಅಣ್ಣ | 16.20

ಮೂತಿ ಚಾಚಿದ್ದು ಮೊಬೈಲಿನ ಕೈವಾಡ ಎಂದು ಬೆಳಿಗ್ಗೆ ಹೇಳಿದವರು ನೀವೇ. ಎದುರಿನ ಚಿತ್ರ ಹಳೆಯದು, ಹತ್ತಿರದಿಂದ ತೆಗೆದದ್ದು. ನಾನು ನೋಡಿದ ಮುಜುಗಳಿಗೆ ಹುಬ್ಬು ಹೀಗೆಯೇ ಮುಂದೆ ಬಂದಿರುತ್ತದೆ.

ಮೂಳೆ ಮೇಷ್ಟ್ರು | 16.31

ಒಪ್ಪಿದೆ. ಎದುರಿನದ್ದನ್ನು ದೂರದಿಂದ ಮತ್ತೆ ತೆಗೆಸಬೇಕಿತ್ತು, ನಾನು ಕೇಳಲಿಲ್ಲ. ಕೆಳದವಡೆ ಸಿಕ್ಕರೆ ಇನ್ನಷ್ಟು ಗಟ್ಟಿ. ಮುಸುವದ ದವಡೆಯ ಹಿಂಭಾಗ ಎತ್ತರ, ದಪ್ಪ.

ದನದ ಡಾಕ್ಟ್ರು | 16.50

ದವಡೆ ಹುಡುಕಲು ಹೋಗುವ ಮೊದಲು ಒಂದು ಮಾತು. ಮಂಗವಾಗಲಿ ಮುಸುವವಾಗಲಿ, ಕ್ಯಾಸನೂರು ಕಾಡಿನ ಕಾಯಿಲೆಯಲ್ಲಿ ಎರಡೂ ಸಾಯುತ್ತವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಗುರುತಿಸಿದ್ದು, ಘಟ್ಟದ ಕೆಳಗೆ ಅದು ಬಾರದೆಂದೇನೂ ಇಲ್ಲ. ಒಣಗಿದ ಬುರುಡೆಯಿಂದ ಕಾಯಿಲೆ ಹತ್ತುವುದಿಲ್ಲ, ಅದರಿಂದ ಪರೀಕ್ಷೆಗೆ ಏನೂ ಸಿಗುವುದೂ ಇಲ್ಲ. ಆದರೆ ಮಂಗ ಸತ್ತಾಗ ಮೈಮೇಲಿನ ಉಣ್ಣಿಗಳು ಇಳಿದು ಅಲ್ಲೇ ತರಗೆಲೆಯಲ್ಲಿ ಉಳಿಯುತ್ತವೆ. ಎಲೆ ಗುಡಿಸುವ ಈ ತಿಂಗಳುಗಳೇ ಎಳೆಯ ಉಣ್ಣಿಗಳ ಕಾಲ, ಎಳ್ಳಿಗಿಂತ ಚಿಕ್ಕವು, ಕಾಣುವುದಿಲ್ಲ. ಅಮ್ಮನ ಕೈಯ ತುರಿಕೆ ಹೊಳೆಗೇರಿನದ್ದೇ ಇರಬಹುದು, ಆದರೂ ಇಬ್ಬರೂ ಕಿವಿಯ ಹಿಂದೆ, ಕಂಕುಳು, ಸೊಂಟ ನೋಡಿಕೊಳ್ಳಿ. ಮುಂದಿನ ಎರಡು ವಾರದೊಳಗೆ ಜ್ವರ, ತಲೆನೋವು ಬಂದರೆ ಹಾಡಿಯಲ್ಲಿ ಮಂಗದ ಬುರುಡೆ ಸಿಕ್ಕಿದ್ದನ್ನು ಆಸ್ಪತ್ರೆಯಲ್ಲಿ ಹೇಳಿ. ಸುತ್ತಮುತ್ತ ಹೊಸದಾಗಿ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಗಾರ್ಡ್ ಅಣ್ಣ | 17.05

ಬುರುಡೆಯನ್ನು ಶೋಕೇಸಿಗೆ ಒಯ್ಯಬೇಡಿ. 1972ರ ವನ್ಯಜೀವಿ ಕಾಯ್ದೆ ಮೂಳೆಗೂ ಅನ್ವಯಿಸುತ್ತದೆ. ಅರಣ್ಯ ಕಚೇರಿಗೆ ಒಂದು ಮಾತು ಹೇಳಿಬಿಡಿ.

ಹಾಡಿಮನೆ | ಸೋಮವಾರ, ಸಂಜೆ 6.15

ಉಣ್ಣಿ ಸಿಗಲಿಲ್ಲ, ಅಮ್ಮನ ಕೈಯ ಕೆಂಪು ಇಳಿದಿದೆ. ಆಶಾ ಕಾರ್ಯಕರ್ತೆಗೆ ವಿಷಯ ಹೇಳಿದೆ. ಅವರು ಎರಡು ಪ್ರಶ್ನೆ ಕೇಳಿದರು: ಹೊಸದಾಗಿ ಸತ್ತದ್ದು ಇದೆಯೇ, ಜ್ವರ ಇದೆಯೇ. ಎರಡಕ್ಕೂ ಇಲ್ಲ. ಅರಣ್ಯ ಕಚೇರಿಗೂ ಫೋನು ಮಾಡಿದ್ದೇನೆ.

ಇವತ್ತು ಗಂಬೂಟು ಹಾಕಿಕೊಂಡು ಹೋಗಿ ಎರಡು ಹೆಜ್ಜೆ ಹಿಂದೆ ನಿಂತು ಎದುರಿನ ಚಿತ್ರ ಮತ್ತೆ ತೆಗೆದಿದ್ದೇನೆ, ಅಕ್ಕಿಕಾಳನ್ನೂ ಪಕ್ಕದಲ್ಲಿಟ್ಟು. ಸೇತುವೆ ಕಾಳಿಗಿಂತ ಒಂದಿಷ್ಟು ಹೆಚ್ಚು. ನಾಲ್ಕು ಮಾರು ಕೆಳಗೆ ನೀರು ಹರಿಯುವ ಕಣಿಯಲ್ಲಿ ಕೆಳದವಡೆಯ ಬಲ ಅರ್ಧ ಸಿಕ್ಕಿತು. ಅದರ ಕೊನೆಯ ದವಡೆಹಲ್ಲಿನಲ್ಲಿ ನಾಲ್ಕರ ಹಿಂದೆ ಐದನೆಯ ಗುಬ್ಬಿಯೊಂದಿದೆ.

ಮೂಳೆ ಮೇಷ್ಟ್ರು | 6.50

ಐದನೆಯ ಗುಬ್ಬಿ ಎರಡಕ್ಕೂ ಇರುತ್ತದೆ, ಅದರಿಂದ ಏನೂ ತೀರುವುದಿಲ್ಲ. ದವಡೆಯ ಹಿಂಭಾಗ ತೆಳುವಾಗಿ, ತಗ್ಗಾಗಿ ಇದೆ. ಸೇತುವೆ ದೂರದಿಂದ ತೆಗೆದಾಗಲೂ ಇಕ್ಕಟ್ಟೇ. ಮಂಗ ಎಂದೇ ಬರೆಯುತ್ತೇನೆ.

ಗಾರ್ಡ್ ಅಣ್ಣ | 7.12

ದವಡೆಯ ಅಂಚನ್ನು ಮುಳ್ಳುಹಂದಿ ತಿಂದಿದೆ, ತಗ್ಗು ಕಾಣುವುದು ಅದಕ್ಕೇ ಇರಬಹುದು. ಸೇತುವೆಯ ಮಾತಿಗೆ ಎದುರು ಹೇಳಲು ನನ್ನ ಬಳಿ ಏನೂ ಇಲ್ಲ. ನಾಳೆ ರೇಂಜರ್ ಸಾಹೇಬರ ಜೊತೆ ನಾನೇ ಪೆರ್ಡೂರಿಗೆ ಬರುತ್ತೇನೆ, ಕೈಯಲ್ಲಿ ಹಿಡಿದು ನೋಡೋಣ.

ದೀಪಸ್ತಂಭ ಕಾಪು | 7.20

ನಾನೂ ಬರಬಹುದೇ? ಕಡ್ಡಿ ಹಾಕಿ ನೋಡಬೇಕಿತ್ತು.